ಕೊನೆಯ ದಿನ, ಈಗಿನ ಹಂತ

ಬಣ್ಣದ ಕಾರ್ಖಾನೆಯವರು ನಮ್ಮ ಪ್ರಯೋಗಾಲಯಕ್ಕೆ ಬೀಗ ಜಡಿದ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನು ಮುಂದೆ ಪರೀಕ್ಷೆಗಳನ್ನೆಲ್ಲ ಹೊರಗಿನ ಕಂಪನಿಯೊಂದರಿಂದ ಮಾಡಿಸುತ್ತಾರಂತೆ, ಅದು ಅಗ್ಗವಂತೆ. ಇಷ್ಟು ವರ್ಷ ಬಣ್ಣದಲ್ಲಿ ಸೀಸ ಎಷ್ಟಿದೆ ಎಂದು ಅಳೆದು, ಮಕ್ಕಳ ಆಟಿಕೆಗೆ ಬಳಿಯುವ ಬಣ್ಣದ ಡಬ್ಬಿಗಳನ್ನು ತಡೆಹಿಡಿದು, ಮ್ಯಾನೇಜರನ ಕೈಲಿ ಬೈಸಿಕೊಂಡವಳು ನಾನು. ನನಗೊಂದು ಹೂಗುಚ್ಛ ಕೊಟ್ಟು, ಫೋಟೊ ತೆಗೆದು, ಕಳಿಸಿಬಿಟ್ಟರು. ಆ ಹೂಗುಚ್ಛವನ್ನು ಗೇಟಿನ ಕಾವಲುಗಾರನ ಮೇಜಿನ ಮೇಲಿಟ್ಟು ಬಸ್ಸು ಹತ್ತಿದೆ.

ಮನೆ ಅಕ್ಕನದು. ಭಾವ ತೀರಿಕೊಂಡ ಮೇಲೆ ನಾನು ನನ್ನ ಬಾಡಿಗೆ ಕೋಣೆ ಬಿಟ್ಟು ಅವಳ ಜೊತೆ ಬಂದಿದ್ದೆ. ಅವಳಿಗೆ ಮಕ್ಕಳಿಲ್ಲ, ನಾನು ಮದುವೆಯಾಗಲಿಲ್ಲ. ಇಬ್ಬರಿಗೂ ಒಬ್ಬರಿಗೊಬ್ಬರು ಸಾಕು ಎಂದುಕೊಂಡಿದ್ದೆವು. ಅಕ್ಕ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಮಂಡಿ ನೋವು ಅಂತ ಮೆಟ್ಟಿಲು ಹತ್ತುವುದಿಲ್ಲ, ಆದರೆ ಕೂತ ಕಡೆಯಿಂದಲೇ ಒಂದು ಇಲಾಖೆ ನಡೆಸಬಲ್ಲಳು. ನನಗೆ ನಲವತ್ತೈದು ದಾಟಿದ್ದರೂ ಅವಳ ಬಾಯಲ್ಲಿ ನಾನು ಪುಟ್ಟಿಯೇ.

ಮೊದಮೊದಲು ನಾನು ಸಿಕ್ಕ ಸಿಕ್ಕ ಕಡೆ ಅರ್ಜಿ ಹಾಕಿದೆ. ಒಂದು ಜಾಹೀರಾತು ಪತ್ರಿಕೆಯಲ್ಲಿ, ಒಂದು ಯಾರೋ ಕಳಿಸಿದ ವಾಟ್ಸಾಪಿನಲ್ಲಿ, ಇನ್ನೊಂದು ಕೆಲಸ ಹುಡುಕಿಕೊಡುವ ವೆಬ್‌ಸೈಟಿನಲ್ಲಿ. ಯಾವುದಕ್ಕೆ ಹಾಕಿದೆ, ಯಾವುದಕ್ಕೆ ಹಾಕಬೇಕೆಂದು ಮರೆತೆ, ಒಂದೂ ನೆನಪಿರುತ್ತಿರಲಿಲ್ಲ. ಒಂದು ಔಷಧ ಕಂಪನಿಯಿಂದ ಫೋನು ಬಂದಾಗ, "ಯಾವ ಹುದ್ದೆ ಸಾರ್?" ಎಂದು ನಾನೇ ಅವರನ್ನು ಕೇಳಿದೆ. ಅವರು ನಕ್ಕು ಇಟ್ಟುಬಿಟ್ಟರು. ಆವತ್ತು ಅಕ್ಕ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು.

"ಲ್ಯಾಬಲ್ಲಿ ಹೀಗೆ ಕೆಲ್ಸ ಮಾಡ್ತಿದ್ಯಾ ನೀನು? ಸ್ಯಾಂಪಲ್ಲಿಗೆ ನಂಬರ್ ಹಾಕ್ದೆ, ಯಾವ ಡಬ್ಬಿ ಯಾವ್ದು ಅಂತ ಗೊತ್ತಿಲ್ದೆ?"

"ಅದು ಕೆಲ್ಸ ಅಕ್ಕ. ಇದು ಭಿಕ್ಷೆ."

"ಭಿಕ್ಷೆ ಆದ್ರೂ ಯಾವ ಮನೆಗೆ ಹೋಗಿದ್ದೆ ಅಂತ ನೆನಪಿರಬೇಕಲ್ಲ. ಕೂತ್ಕೋ ಬಾ."

ಕೂತೆ. ಸ್ಪ್ರೆಡ್‌ಶೀಟಿನ ಮೊದಲ ಸಾಲಿನಲ್ಲಿ ಅವಳು ಒಂದೊಂದೇ ತಲೆಬರಹ ಹೊಡೆಯುತ್ತ ಹೋದಳು. ಹುದ್ದೆ. ಸಂಸ್ಥೆ. ಎಲ್ಲಿ ಕಂಡದ್ದು. ಕೊನೆಯ ದಿನ. ಕೇಳುವ ಅರ್ಹತೆ. ಈಗಿನ ಹಂತ. ಮುಂದೇನು. ನಾನು ತಕರಾರು ತೆಗೆದೆ. ಅರ್ಹತೆಗೆ ಒಂದೇ ಕಾಲಂ ಸಾಲದು, 'ಇರಲೇಬೇಕು' ಎಂದು ಕೇಳುವುದು ಬೇರೆ, 'ಇದ್ದರೆ ಒಳ್ಳೆಯದು' ಎಂದು ಕೇಳುವುದು ಬೇರೆ. ಎರಡನ್ನೂ ಕಲಸಿದರೆ ನನ್ನಂಥವಳು ಓದಿದ ಕೂಡಲೇ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ಅಕ್ಕ ಒಪ್ಪಿ ಕಾಲಂ ಸೀಳಿದಳು. ಪಕ್ಕದಲ್ಲಿ 'ನಮ್ಮಲ್ಲಿ ಇಲ್ಲದ್ದು' ಎಂದು ಇನ್ನೊಂದು ಸೇರಿಸಿದಳು. ಅನುಭವ ಪತ್ರ, ಅಂಕಪಟ್ಟಿಯ ದೃಢೀಕೃತ ನಕಲು, ಇಂಥವನ್ನು ತರಿಸಲು ಸಮಯ ಹಿಡಿಯುತ್ತದೆ, ಕೊನೆಯ ದಿನ ಹತ್ತಿರ ಬಂದಾಗ ಹುಡುಕಿದರೆ ಸಿಗುವುದಿಲ್ಲ ಎಂದಳು.

ತಾರೀಕುಗಳು ಮೊದಲ ದಿನವೇ ಕೈಕೊಟ್ಟವು. ನಾನು ದಿನ, ತಿಂಗಳು, ವರ್ಷವನ್ನು ನಡುವೆ ಚುಕ್ಕಿ ಇಟ್ಟು ಹೊಡೆದಿದ್ದೆ. ಶೀಟು ಅದನ್ನು ತಾರೀಕು ಎಂದು ಒಪ್ಪಲೇ ಇಲ್ಲ. 'ಎಷ್ಟು ದಿನ ಉಳಿದಿದೆ' ಎಂದು ಲೆಕ್ಕ ಹಾಕುವ ಕಾಲಮಿನಲ್ಲಿ ತಪ್ಪು ತಪ್ಪು ಎಂದೇ ತೋರಿಸಿತು.

"ನೋಡು, ಎಡಕ್ಕೆ ಅಂಟ್ಕೊಂಡು ಕೂತಿದೆ. ಅದು ಬರೀ ಅಕ್ಷರ ಅಂತ ತಿಳ್ಕೊಂಡಿದೆ. ತಾರೀಕು ಅಂತ ಗೊತ್ತಾದ್ರೆ ಬಲಕ್ಕೆ ಹೋಗುತ್ತೆ," ಎಂದು ಅಕ್ಕ ಇಡೀ ಕಾಲಮಿಗೆ ತಾರೀಕಿನ ಸ್ವರೂಪ ಕೊಟ್ಟು, ಎಲ್ಲವನ್ನೂ ಮತ್ತೆ ಹೊಡೆಸಿದಳು. ಕೊನೆಯ ದಿನ ಒಂದು ವಾರಕ್ಕಿಂತ ಹತ್ತಿರ ಬಂದರೆ ಚೌಕ ಹಳದಿಯಾಗುವಂತೆ, ದಾಟಿದರೆ ಕೆಂಪಾಗುವಂತೆ ನಿಯಮ ಹಾಕಿದಳು. ಕೊಂಡಿ ಮಾತ್ರ ಇಟ್ಟುಕೊಂಡರೆ ಆಗುವುದಿಲ್ಲ, ಕೊನೆಯ ದಿನ ಕಳೆದ ಮೇಲೆ ಜಾಹೀರಾತನ್ನೇ ತೆಗೆದುಬಿಡುತ್ತಾರೆ, ಆಮೇಲೆ ಸಂದರ್ಶನಕ್ಕೆ ಕರೆದರೆ ಅವರು ಏನು ಕೇಳಿದ್ದರು ಅಂತಲೇ ಗೊತ್ತಿರುವುದಿಲ್ಲ ಎಂದು ಪ್ರತಿಯೊಂದನ್ನೂ ಪಿಡಿಎಫ್ ಮಾಡಿ ಒಂದು ಫೋಲ್ಡರಿಗೆ ಹಾಕಿದಳು. ಹಂತಕ್ಕೆ ಬಾಯಿಗೆ ಬಂದದ್ದನ್ನು ಬರೆಯುವ ಹಾಗಿಲ್ಲ. ಚೌಕ ಒತ್ತಿದರೆ ಪಟ್ಟಿ ಇಳಿಯುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು: ಕಂಡದ್ದು, ತಯಾರಿ, ಕಳಿಸಿದ್ದು, ಕರೆ ಬಂದದ್ದು, ಸಂದರ್ಶನ, ಸೇರಿದ್ದು, ಮುಗಿದದ್ದು. ನನಗೆ ನಿಜವಾಗಿ ಖುಷಿಯಾಯಿತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಬದುಕು ಒಂದು ಅಳತೆಗೆ ಬಂದ ಹಾಗೆ ಅನಿಸಿತು.

ಕೆಲಸಕ್ಕೆಂದೇ ಅಕ್ಕ ಹೊಸ ಇಮೇಲ್ ಒಂದನ್ನು ತೆರೆದಳು. ಬೆಳಗ್ಗೆ ನಾನು ಟ್ಯುಟೋರಿಯಲ್ ಒಂದಕ್ಕೆ ರಸಾಯನಶಾಸ್ತ್ರ ಹೇಳಿಕೊಡಲು ಹೋಗುತ್ತಿದ್ದೆ. ಆ ಹೊತ್ತಿಗೆ ಅವಳು ಬಂದ ಮೇಲ್‌ಗಳನ್ನು ಓದಿ ಶೀಟಿನಲ್ಲಿ ಹಂತ ಬದಲಿಸುವುದು, ಮಧ್ಯಾಹ್ನ ನಾನು ಬಂದು ಅರ್ಜಿ ಬರೆಯುವುದು. ಹೀಗೆ ನಮ್ಮ ಕಚೇರಿ ನಡೆಯಿತು.

ಶೀಟು ತುಂಬುತ್ತ ಹೋದ ಹಾಗೆ ನನ್ನ ರಕ್ತ ಕುದಿಯತೊಡಗಿತು. ಅಲ್ಲ, ಈ ಜನಕ್ಕೆ ಏನಾಗಿದೆ ಎಂದು ಕೇಳುತ್ತೇನೆ. ಇಡೀ ಜಾತಕ ಪಿಡಿಎಫಿನಲ್ಲಿ ಕಳಿಸಿದ ಮೇಲೆ, ಅದೇ ಜಾತಕವನ್ನು ಅವರ ವೆಬ್‌ಸೈಟಿನಲ್ಲಿ ಮತ್ತೆ ಚೌಕ ಚೌಕವಾಗಿ ತುಂಬಬೇಕಂತೆ. ಹೊಸಬರ ಹುದ್ದೆ ಎನ್ನುತ್ತಾರೆ, ಐದು ವರ್ಷ ಅನುಭವ ಕೇಳುತ್ತಾರೆ. ಅನುಭವ ಇದೆ ಎಂದರೆ 'ನಿಮ್ಮದು ಹೆಚ್ಚಾಯಿತು' ಎನ್ನುತ್ತಾರೆ. ಒಂದು ಪ್ಲಾಸ್ಟಿಕ್ ಕಂಪನಿಯವರು ಒಂದೇ ಹುದ್ದೆಯನ್ನು ಪ್ರತಿ ತಿಂಗಳು ಹೊಸ ಸಂಖ್ಯೆ ಕೊಟ್ಟು ಹಾಕುತ್ತಿದ್ದರು. ಶೀಟು ಇಲ್ಲದಿದ್ದರೆ ಅದು ನಮಗೆ ಗೊತ್ತೇ ಆಗುತ್ತಿರಲಿಲ್ಲ, ಪ್ರತಿ ಸಲ ಹೊಸದೆಂದು ನಂಬಿ ಹಾಕುತ್ತಿದ್ದೆ. ಇನ್ನು ಉತ್ತರದ ಮಾತು ಬಿಡಿ. ಆಗುವುದಿಲ್ಲ ಎಂದಾದರೂ ಹೇಳಬಾರದೆ? ನಾಲ್ಕು ಅಕ್ಷರ ಹೊಡೆಯಲು ಇವರ ಕೈ ಸವೆದುಹೋಗುತ್ತದೆಯೆ?

'ಮುಗಿದದ್ದು' ಸಾಲುಗಳು ಹೆಚ್ಚಾದವು. ಶೀಟು ತೆರೆದರೆ ಸಾಕು, ಬೂದು ಬಣ್ಣದ ಸಾಲುಗಳ ಹಿಂಡೇ ಕಣ್ಣಿಗೆ ಬೀಳುತ್ತಿತ್ತು. ಒಂದು ಸಂಜೆ ಅದನ್ನು ನೋಡಿಕೊಂಡೇ ನಾನು ತಟ್ಟೆ ಮುಂದೆ ಕೂತು ಅತ್ತುಬಿಟ್ಟೆ. ಅಕ್ಕ ತನ್ನ ತಟ್ಟೆ ಸರಿಸಿ ಲ್ಯಾಪ್‌ಟಾಪ್ ಎಳೆದುಕೊಂಡಳು.

"ಇನ್ಮೇಲೆ ಮುಗಿದಿದ್ದನ್ನ ನೀನು ನೋಡ್ಬೇಕಾಗಿಲ್ಲ. ಫಿಲ್ಟರ್ ಹಾಕ್ತೀನಿ. ಶೀಟಲ್ಲಿ ಇರುತ್ತೆ, ಆದ್ರೆ ಕಾಣಲ್ಲ. ಹೋಗಿದ್ದು ಹೋಯ್ತು ಅಂತ ಹೇಳೋದು ನನ್ನ ಕೆಲ್ಸ, ಉಳಿದಿದ್ದು ನೋಡೋದು ನಿನ್ನ ಕೆಲ್ಸ. ಆಯ್ತಾ?"

ಆಯ್ತು ಎಂದೆ. ನನಗೆ ಅದೊಂದು ದೊಡ್ಡ ಉಪಕಾರವೇ ಆಗಿತ್ತು. ಅಂದಿನಿಂದ ಯಾವುದಾದರೂ ಮುಗಿದರೆ ಅಕ್ಕ ಬಾಯಲ್ಲಿ ಹೇಳುತ್ತಿದ್ದಳು, ನಾನು ಆ ಕಂಪನಿಯನ್ನು ಒಂದಿಷ್ಟು ಬೈಯುತ್ತಿದ್ದೆ, ಅಲ್ಲಿಗೆ ಅದು ತೀರುತ್ತಿತ್ತು.

ನೀರಿನ ಪ್ರಯೋಗಾಲಯದ ಹುದ್ದೆ ಕಂಡದ್ದು ಆಮೇಲೆ. ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕಾದ ದೂರದ ಪಟ್ಟಣ. ಊರಿಗೆಲ್ಲ ಕುಡಿಯುವ ನೀರು ಬಿಡುವ ಮಂಡಳಿಯ ಪ್ರಯೋಗಾಲಯಕ್ಕೆ ಹಿರಿಯ ವಿಶ್ಲೇಷಕರು ಬೇಕಾಗಿದ್ದರು. ಇರಲೇಬೇಕಾದದ್ದು: ರಸಾಯನಶಾಸ್ತ್ರದ ಪದವಿ, ಲೋಹ ಅಳೆಯುವ ಯಂತ್ರದಲ್ಲಿ ಅನುಭವ. ಬಣ್ಣದಲ್ಲಿ ಸೀಸ ಅಳೆಯುತ್ತಿದ್ದುದು ನಾನು ಅದೇ ಯಂತ್ರದಲ್ಲಿ. ಇದ್ದರೆ ಒಳ್ಳೆಯದು ಎಂಬ ಕಾಲಮಿನಲ್ಲಿದ್ದುದೂ ನನ್ನಲ್ಲಿತ್ತು. ಆ ಸಾಲಿನಲ್ಲಿ 'ನಮ್ಮಲ್ಲಿ ಇಲ್ಲದ್ದು' ಎಂಬ ಚೌಕ ಖಾಲಿ. ಇಡೀ ಶೀಟಿನಲ್ಲಿ ಅದೊಂದೇ ಹಾಗಿದ್ದದ್ದು.

"ಅಕ್ಕ, ಇದು ನನಗೇ ಅಂತ ಬರೆದ ಹಾಗಿದೆ ನೋಡು. ವಯಸ್ಸಿನ ಮಿತೀನೂ ಇಲ್ಲ."

"ಹೂಂ. ದೂರ ಆಯ್ತಲ್ಲ."

"ದೂರ ಆದ್ರೆ ಏನು? ಮತ್ತೆ ಯಂತ್ರದ ಮುಂದೆ ನಿಲ್ತೀನಿ. ಈ ಹುಡುಗರಿಗೆ ಸೂತ್ರ ಬಾಯಿಪಾಠ ಮಾಡಿಸಿ ಮಾಡಿಸಿ ನನ್ನ ತಲೆ ಕೆಟ್ಟು ಹೋಗಿದೆ."

"ಹಾಕು, ಹಾಕು," ಎಂದು ಅಕ್ಕ ಮಂಡಿ ನೀವಿಕೊಳ್ಳುತ್ತ ಎದ್ದು ಹೋದಳು.

ಹಾಕಿದೆ. ಹಂತ 'ಕಳಿಸಿದ್ದು' ಆಯಿತು. ಆಮೇಲೆ ನಾನು ದಿನಾ ಆ ಒಂದು ಸಾಲನ್ನೇ ನೋಡುತ್ತಿದ್ದೆ, ಉಳಿದವು ಕಣ್ಣಿಗೆ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಂದು ಶೀಟು ತೆರೆದರೆ ಆ ಸಾಲು ಇಲ್ಲ. ಅಕ್ಕ ಬಟ್ಟೆ ಮಡಚುತ್ತಿದ್ದಳು.

"ಅಕ್ಕ, ನೀರಿನದು?"

"ಮುಗೀತು ಪುಟ್ಟಿ. ಬೇರೆ ಯಾರನ್ನೋ ತೊಗೊಂಡ್ರಂತೆ."

"ಸಂದರ್ಶನಕ್ಕೂ ಕರೀದೆ?"

"ಹೂಂ. ಬೇಜಾರು ಮಾಡ್ಕೋಬೇಡ."

ಬೇಜಾರೆ? ನನಗೆ ಮೈಯೆಲ್ಲ ಉರಿ ಹತ್ತಿತು. ಊಟ ಸೇರಲಿಲ್ಲ. ಯಾರದೋ ಅಳಿಯನನ್ನೋ ಮೈದುನನನ್ನೋ ಮೊದಲೇ ಕೂರಿಸಿಕೊಂಡು, ಆಮೇಲೆ ಲೋಕಕ್ಕೆ ತೋರಿಸಲು ಜಾಹೀರಾತು ಕೊಟ್ಟಿದ್ದಾರೆ ಎಂದು ಅಡುಗೆಮನೆಯಲ್ಲಿ, ಹಜಾರದಲ್ಲಿ, ಬಚ್ಚಲ ಬಾಗಿಲಲ್ಲಿ ನಿಂತು ಕೂಗಾಡಿದೆ. ಅಕ್ಕ ಬಟ್ಟೆ ಮಡಚುತ್ತಲೇ ಇದ್ದಳು. ನನ್ನ ಸಿಟ್ಟು ಅವಳಿಗೆ ಅಭ್ಯಾಸವಾಗಿದೆ ಎಂದುಕೊಂಡೆ. ಬೇರೆ ಕಂಪನಿಗಳ ಮೇಲಿನ ಸಿಟ್ಟು ಬೈದರೆ ಇಳಿಯುತ್ತಿತ್ತು, ಇದು ವಾರ ಕಳೆದರೂ ಇಳಿಯಲಿಲ್ಲ.

ಕಡೆಗೆ ಅಕ್ಕ ಮಲಗಿದ್ದ ಒಂದು ಮಧ್ಯಾಹ್ನ, ನನ್ನ ಹಳೆಯ ಇಮೇಲಿನಿಂದ ಆ ಮಂಡಳಿಯ ಪ್ರಯೋಗಾಲಯಕ್ಕೆ ಒಂದು ಪತ್ರ ಬರೆದೆ. ಏನು ಬರೆದೆ ಎಂದು ಕೇಳಬೇಡಿ. ಕೇಳಿದ ಅರ್ಹತೆ ಎಲ್ಲ ಇದ್ದವಳನ್ನು ಮುಖವನ್ನೂ ನೋಡದೆ ಬಿಟ್ಟು ಯಾರನ್ನೋ ಸೇರಿಸಿಕೊಂಡಿದ್ದೀರಲ್ಲ, ನಿಮ್ಮ ಆಯ್ಕೆಯೇ ಇಷ್ಟು ಶುದ್ಧವಾದರೆ ನೀವು ಬಿಡುವ ನೀರು ಎಷ್ಟು ಶುದ್ಧವಾಗಿರಬಹುದು ಎಂದು ಬರೆದೆ. ಕೆಳಗೆ ಹೆಸರು, ಅರ್ಜಿ ಸಂಖ್ಯೆ, ಫೋನ್ ನಂಬರು. ಕಳಿಸಿದ ಮೇಲೆ ಹೊಟ್ಟೆ ತಣ್ಣಗಾಯಿತು.

ಮಾರನೆಯ ದಿನ ಟ್ಯುಟೋರಿಯಲ್‌ನಿಂದ ಹೊರಗೆ ಬರುತ್ತಿದ್ದಾಗ ಫೋನು ಬಂತು. ಗಂಡಸಿನ ದನಿ, ವಿನಯವಾಗಿತ್ತು. ನೀರಿನ ಮಂಡಳಿಯ ಕಚೇರಿಯ ಗುಮಾಸ್ತರಂತೆ.

"ಮೇಡಂ, ನಿಮ್ಮ ಪತ್ರ ನೋಡಿದ್ವಿ. ನಾವು ಯಾರನ್ನೂ ತೊಗೊಂಡಿಲ್ಲ. ಸಂದರ್ಶನ ನಡೆಯೋದೇ ಮುಂದಿನ ವಾರ. ನಿಮಗೂ ಕರೆ ಕಳಿಸಿದ್ವಿ. ಬರ್ತೀನಿ ಅಂತ ನೀವು ಒಪ್ಪಿಗೆ ಕಳಿಸಿಲ್ಲ ಅಷ್ಟೆ."

"ನನಗೆ ಯಾವ ಕರೇನೂ ಬಂದಿಲ್ಲ."

"ಅರ್ಜಿಯಲ್ಲಿದ್ದ ಇಮೇಲಿಗೇ ಹೋಗಿದೆ ಮೇಡಂ. ತಲುಪಿದೆ ಅಂತ ನಮ್ಮಲ್ಲಿ ಇದೆ. ಒಪ್ಪಿಗೆ ಕೊಡೋಕೆ ಇವತ್ತೇ ಕೊನೇ ದಿನ. ಸಂಜೆ ಐದರೊಳಗೆ ದಾಖಲೆ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದ್ರೆ ನಿಮ್ಮ ಹೆಸರು ಪಟ್ಟಿಯಲ್ಲಿ ಇರುತ್ತೆ. ಇಲ್ಲಾಂದ್ರೆ ಇಲ್ಲ."

ಬಸ್ಸಿಗೆ ಕಾಯಲಿಲ್ಲ, ಆಟೋ ಹಿಡಿದೆ. ದಾರಿಯಲ್ಲೇ ಫೋನಿನಲ್ಲಿ ಆ ಮೇಲ್‌ಬಾಕ್ಸ್ ತೆರೆದು ಮಂಡಳಿಯ ಹೆಸರು ಹುಡುಕಿದೆ. ಇತ್ತು. ಓದಿದ್ದು ಎಂದು ತೋರಿಸುತ್ತಿತ್ತು. ಇನ್‌ಬಾಕ್ಸಿನಿಂದ ತೆಗೆದು ಒಳಗಿನ ಯಾವುದೋ ಫೋಲ್ಡರಿಗೆ ಹಾಕಿತ್ತು. ತಾನಾಗಿ ಹೋಗುವ ಜಾಗವಲ್ಲ ಅದು, ಯಾರಾದರೂ ಕೈಯಾರೆ ಹಾಕಬೇಕು. ಶೀಟಿನ ಫಿಲ್ಟರ್ ತೆಗೆದೆ. ಬೂದು ಸಾಲುಗಳೆಲ್ಲ ಒಮ್ಮೆಲೇ ಎದ್ದು ಬಂದವು. ಅವುಗಳ ಮಧ್ಯೆ ನೀರಿನ ಸಾಲು. ಹಂತ: ಮುಗಿದದ್ದು. ಮುಂದೇನು: ಬೇರೆಯವರ ಆಯ್ಕೆ. ನಾನು ದಿನಾ ನೋಡಬಾರದೆಂದು ಮಾಡಿದ್ದ ಏರ್ಪಾಟಿನಲ್ಲಿ, ನನ್ನ ಕರುಳು ಸುಡಬಾರದೆಂದು ಹಾಕಿದ್ದ ಫಿಲ್ಟರಿನ ಹಿಂದೆಯೇ ಅವಳು ನನ್ನ ಕೆಲಸವನ್ನು ಬಚ್ಚಿಟ್ಟಿದ್ದಳು. ವಾರವಿಡೀ ನಾನು ಆ ಅಪರಿಚಿತರನ್ನು ಬೈಯುವುದನ್ನು ಬಟ್ಟೆ ಮಡಚುತ್ತ ಕೇಳಿಸಿಕೊಂಡಿದ್ದಳು. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಮನೆಗೆ ಹೋದಾಗ ಅಕ್ಕ ಮೇಜಿನ ಮುಂದೆಯೇ ಕೂತಿದ್ದಳು. ಚಪ್ಪಲಿ ಬಿಡದೆ ಒಳಗೆ ನುಗ್ಗಿ ಫೋನನ್ನು ಅವಳ ಮುಂದೆ ಹಿಡಿದೆ. ಅವಳು ಒಮ್ಮೆ ನೋಡಿದಳು. ಸುಳ್ಳು ಹೇಳಲಿಲ್ಲ, ಅದಾದರೂ ಸರಿ.

"ಹೌದು, ನಾನೇ ಬರ್ದಿದ್ದು."

"ಯಾಕೆ?"

"ಅಲ್ಲಿ ಹೋಗಿ ಒಬ್ಳೇ ಏನು ಮಾಡ್ತೀಯ? ಇಲ್ಲೇ ಸಿಗುತ್ತೆ ನಿಧಾನಕ್ಕೆ. ಟ್ಯುಟೋರಿಯಲ್ ಇದೆಯಲ್ಲ, ಏನು ಕಮ್ಮಿ ಆಗಿದೆ ಈಗ?"

"ಏನು ಕಮ್ಮಿ ಆಗಿದೆ ಅಂತ ನೀನು ಹೇಳೋದಾ? ತಟ್ಟೆ ಮುಂದೆ ಕೂತು ಅತ್ತಾಗ ನೀನೇ ಅಲ್ವಾ ಇದ್ದಿದ್ದು?"

"ಅದಕ್ಕೇ ಮುಗೀತು ಅಂತ ಹೇಳ್ದೆ. ಅಲ್ಲೂ ಆಗ್ಲಿಲ್ಲ ಅಂದ್ರೆ ಇನ್ನೂ ಜಾಸ್ತಿ ಅಳ್ತೀಯ ಅಂತ."

"ನನ್ನ ಅಳುನ ನಿನ್ನ ನೆಪ ಮಾಡ್ಕೋಬೇಡ. ಕರೆ ಬಂದಿದ್ದು ನನ್ನ ಹೆಸರಿಗೆ. ಕೆಲ್ಸ ನಂದು, ಅರ್ಜಿ ನಂದು, ಓದಿದ್ದು ನಾನು. ಆ ಲ್ಯಾಬಿನವರನ್ನ ನಾನು ಕಳ್ರು ಅಂತ ಬೈದೆ. ಕಳ್ಳಿ ಮನೇಲೇ ಕೂತಿದ್ಲು."

ಆ ಮಾತಿಗೆ ಅವಳ ಮುಖ ಬಿಳಿಚಿಕೊಂಡಿತು. ನಾನು ನಿಲ್ಲಿಸಲಿಲ್ಲ. ನಿನಗೆ ಜೊತೆ ಬೇಕಿದ್ದರೆ ಕೇಳಬಹುದಿತ್ತು, ನೀನೂ ಬಾ ಅಂತ ನಾನು ಹೇಳುತ್ತಿದ್ದೆ, ಮಂಡಳಿಯ ವಸತಿಗೃಹ ಇದೆ ಅಂತ ಜಾಹೀರಾತಿನಲ್ಲೇ ಇದೆ, ಅದನ್ನು ಪಿಡಿಎಫ್ ಮಾಡಿದ್ದೂ ನೀನೇ ಎಂದೆ.

"ಈ ಮನೆ ಬಿಟ್ಟು ನಾನು ಬರಲ್ಲ," ಎಂದಳು ಅಕ್ಕ ಮೆಲ್ಲಗೆ. "ಅವರು ಕಟ್ಟಿಸಿದ ಮನೆ. ನನ್ನ ಆಸ್ಪತ್ರೆ ಇಲ್ಲಿ. ನನ್ನ ಜನ ಇಲ್ಲಿ."

"ಅದನ್ನ ಹೇಳು ಮತ್ತೆ. ಬಾಯಿ ಬಿಟ್ಟು ಹೇಳು. ಅದು ಬಿಟ್ಟು ಶೀಟಲ್ಲಿ ಸುಳ್ಳು ಬರೀತೀಯಾ?"

ಅವಳು ಒಳಗೆ ಹೋಗಿ ಒಂದು ಕಡತ ತಂದು ಮೇಜಿನ ಮೇಲಿಟ್ಟಳು. ಪದವಿ ಪತ್ರ, ಅಂಕಪಟ್ಟಿ, ಕಾರ್ಖಾನೆಯ ಅನುಭವ ಪತ್ರ, ಎಲ್ಲವೂ ಅನುಕ್ರಮವಾಗಿ ಇದ್ದವು. "ಸ್ಕ್ಯಾನ್ ಮಾಡಿಕೊಡ್ಲಾ?" ಎಂದಳು. "ಮುಟ್ಟಬೇಡ," ಎಂದೆ. ಫೋನಿನಲ್ಲೇ ಒಂದೊಂದು ಹಾಳೆಯ ಚಿತ್ರ ಹಿಡಿದೆ. ಅವಸರದಲ್ಲಿ ಎರಡು ಮಸುಕಾದವು, ಮತ್ತೆ ಹಿಡಿದೆ. ಐದಕ್ಕೆ ಸ್ವಲ್ಪ ಮುಂಚೆ ಹೋಯಿತು. ಗುಮಾಸ್ತರು 'ತಲುಪಿದೆ' ಎಂದು ಉತ್ತರ ಕಳಿಸಿದರು. ನಾಲ್ಕೇ ಅಕ್ಷರ. ಹೊಡೆಯುವವರು ಹೊಡೆಯುತ್ತಾರೆ.

ಆ ಸಂಜೆಯೇ ಇಮೇಲಿನ ಪಾಸ್‌ವರ್ಡ್ ಬದಲಿಸಿದೆ. ಶೀಟಿನಲ್ಲಿ ಅಕ್ಕನಿಗಿದ್ದ ಅಧಿಕಾರವನ್ನೂ ಕಿತ್ತೆ. ಇನ್ನು ಅವಳು ನೋಡಬಹುದು, ಬರೆಯುವಂತಿಲ್ಲ. ಮಾರನೆಯ ಬೆಳಗ್ಗೆ ಅವಳು ಎಂದಿನಂತೆ ಲ್ಯಾಪ್‌ಟಾಪ್ ತೆರೆದು ಯಾವುದೋ ಚೌಕ ಒತ್ತಿದ್ದನ್ನು ನಾನು ಬಾಗಿಲಿಂದ ಕಂಡೆ. ಪಟ್ಟಿ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ನನಗೆ ಪಾಪ ಅನಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸರಿಯಾಯಿತು ಅನಿಸಿತು.

ಸಂದರ್ಶನದಲ್ಲಿ ಮೂವರಿದ್ದರು. ಪ್ರಯೋಗಾಲಯದ ಮುಖ್ಯಸ್ಥೆ ನನಗಿಂತ ಸ್ವಲ್ಪ ದೊಡ್ಡವರು, ಕನ್ನಡಕ ಮೂಗಿನ ತುದಿಯಲ್ಲಿ. ಯಂತ್ರದ ಬಗ್ಗೆ, ಸೀಸದ ಬಗ್ಗೆ ಕೇಳಿದ್ದಕ್ಕೆಲ್ಲ ಸಲೀಸಾಗಿ ಹೇಳಿದೆ. ಬಾಯಿ ತಾನೇ ನಡೆಯಿತು. ಆಮೇಲೆ ಅವರು ಕಡತದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ನನ್ನ ಪತ್ರ.

"ಇದನ್ನ ಬರೆದವರು ನೀವೇ ತಾನೇ? ನಾವು ಯಾರನ್ನೋ ತೊಗೊಂಡ್ವಿ ಅಂತ ಇದೆ. ಈ ಸುದ್ದಿ ನಿಮಗೆ ಎಲ್ಲಿಂದ ಬಂತು?"

ಮೇಲ್ ಬರಲಿಲ್ಲ ಎನ್ನಬಹುದಿತ್ತು. ಯಾರೋ ಹೇಳಿದರು ಎನ್ನಬಹುದಿತ್ತು. ಆದರೆ ನನಗೆ ಸುಳ್ಳು ಸಾಕಾಗಿಹೋಗಿತ್ತು.

"ನಮ್ಮಕ್ಕ ಬರೆದಿದ್ಲು ಮೇಡಂ. ಅರ್ಜಿಗಳನ್ನೆಲ್ಲ ನಾವು ಒಂದು ಶೀಟಲ್ಲಿ ಇಟ್ಟಿದ್ವಿ. ನಿಮ್ಮ ಕರೆ ಬಂದಿತ್ತು, ಅವಳು ಮುಗೀತು ಅಂತ ಹಾಕಿದ್ಲು. ನಾನು ಇಷ್ಟು ದೂರ ಬರೋದು ಅವಳಿಗೆ ಬೇಡವಾಗಿತ್ತು."

"ನೀವು ಮೂಲ ಪತ್ರ ನೋಡ್ಲಿಲ್ವಾ?"

"ಇಲ್ಲ. ಅದು ನನ್ನ ತಪ್ಪು. ಲ್ಯಾಬಲ್ಲಿ ಆಗಿದ್ರೆ ನಾನು ಕಣ್ಣಾರೆ ನೋಡದ ಅಂಕಿಗೆ ಸಹಿ ಹಾಕ್ತಿರಲಿಲ್ಲ. ಮನೇಲಿ ಹಾಕ್ದೆ. ನೀರಿನ ಬಗ್ಗೆ ಬರ್ದಿದ್ದಕ್ಕೆ ಕ್ಷಮಿಸಿ. ಉಳಿದಿದ್ದಕ್ಕೆ ಕ್ಷಮೆ ಕೇಳಲ್ಲ, ಉತ್ತರಾನೇ ಕೊಡದ ಕಂಪನಿಗಳನ್ನ ನೋಡಿ ನೋಡಿ ನನಗೆ ಹಾಗೇ ಅನಿಸಿತ್ತು."

ಪಕ್ಕದಲ್ಲಿದ್ದವರು ಕೆಮ್ಮಿದರು. ಮುಖ್ಯಸ್ಥೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನೀವು ಬಂದುಬಿಟ್ರೆ ನಿಮ್ಮಕ್ಕ ಸರಿಹೋಗ್ತಾರಾ? ಆರು ತಿಂಗಳಿಗೆ ಬಿಟ್ಟು ಹೋಗೋರನ್ನ ತೊಗೊಂಡು ನಮಗೆ ಸಾಕಾಗಿದೆ."

"ಸರಿಹೋಗಲ್ಲ ಮೇಡಂ," ಎಂದೆ. "ಆದ್ರೂ ನಾನು ಬರ್ತೀನಿ. ಬಂದ್ರೆ ಇರ್ತೀನಿ."

ನೇಮಕದ ಪತ್ರ ಬಂದ ಬೆಳಗ್ಗೆ ನಾನು ಮನೆಯಲ್ಲೇ ಇದ್ದೆ. ಎರಡು ಸಲ ಓದಿದೆ. ಸೇರಬೇಕಾದ ದಿನ, ಸಂಬಳ, ವಸತಿ, ತರಬೇಕಾದ ದಾಖಲೆ. ಶೀಟು ತೆರೆದು, ನೀರಿನ ಸಾಲಿಗೆ ಹೋಗಿ, ಚೌಕ ಒತ್ತಿ 'ಸೇರಿದ್ದು' ಎಂದು ಆರಿಸಿದೆ. ಇನ್ನೂ ಸೇರಿರಲಿಲ್ಲ, ಆದರೂ ಆರಿಸಿದೆ. ಸಾಲು ಹಸಿರಾಯಿತು. ಆ ಬಣ್ಣದ ನಿಯಮವನ್ನು ಅಕ್ಕ ಮೊದಲ ದಿನವೇ ಹಾಕಿಟ್ಟಿರಬೇಕು, ಈವರೆಗೆ ನಾವು ಅದನ್ನು ಕಂಡೇ ಇರಲಿಲ್ಲ.

ಒಳಗಿನ ಕೋಣೆಯಲ್ಲಿ ಅಕ್ಕನ ಫೋನಿನಲ್ಲಿ ಶೀಟು ತೆರೆದೇ ಇತ್ತು ಎಂದು ಕಾಣುತ್ತದೆ. ಮಂಚ ಕಿರುಗುಟ್ಟಿತು. ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಜಗಳವಾದ ದಿನದಿಂದ ನಾವು ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದೆವು. ಉಪ್ಪು ಇದೆಯಾ, ಗ್ಯಾಸ್ ಬುಕ್ ಮಾಡಿದೆಯಾ, ಅಷ್ಟೆ.

"ಸಿಕ್ತಾ?"

"ಸಿಕ್ತು."

"ಯಾವಾಗ ಹೋಗ್ಬೇಕು?"

"ಒಂದನೇ ತಾರೀಕು ಸೇರ್ಬೇಕು."

ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು. ಲ್ಯಾಪ್‌ಟಾಪಿನ ಮುಚ್ಚಳ ನಮ್ಮ ಮಧ್ಯೆ ಅಡ್ಡ ಇತ್ತು. ಅವಳು ಅದನ್ನು ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟಳು.

"ಅವರ ಹತ್ರ ನನ್ನ ವಿಷಯ ಏನು ಹೇಳ್ದೆ?"

"ಇದ್ದಿದ್ದು ಇದ್ದ ಹಾಗೇ ಹೇಳ್ದೆ."

"ಒಳ್ಳೇದಾಯ್ತು." ಸ್ವಲ್ಪ ಹೊತ್ತು ಮೇಜಿನ ಮೇಲಿನ ಕಲೆಯೊಂದನ್ನು ಉಗುರಿನಿಂದ ಕೆರೆದಳು. "ಪುಟ್ಟಿ, ಬಾಯಿ ಬಿಟ್ಟು ಹೇಳು ಅಂದೆಯಲ್ಲ ಅವತ್ತು. ಈಗ ಹೇಳ್ತೀನಿ. ನನಗೆ ಒಬ್ಳೇ ಇರೋಕೆ ಭಯ ಆಗುತ್ತೆ. ಅವರು ಹೋದಾಗ್ಲೂ ಆಗಿತ್ತು, ನೀನು ಬಂದ್ಬಿಟ್ಟೆ, ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಹೇಳೋಕೆ ನಾಚ್ಕೆ. ಅಷ್ಟೊಂದು ಜನರನ್ನ ಆಳಿದವಳು ನಾನು. ಹೋಗ್ಬೇಡ ಪುಟ್ಟಿ."

ಈ ಮಾತನ್ನು ಮೊದಲು ಹೇಳಿದ್ದರೆ ನಾನು ಆ ಅರ್ಜಿಯನ್ನೇ ಹಾಕುತ್ತಿರಲಿಲ್ಲವೇನೋ. ಹಾಕಿದ್ದರೂ, ಕರೆ ಬಂದ ದಿನ ನನ್ನ ಕೈ ಹಿಡಿದು ಹೀಗೆ ಕೇಳಿದ್ದರೆ, ನಾನೇ 'ಮುಗಿದದ್ದು' ಎಂದು ಆರಿಸಿ ಸುಮ್ಮನಾಗುತ್ತಿದ್ದೆ. ಅದನ್ನು ನೆನೆದು ನನಗೆ ಮತ್ತೆ ಸಿಟ್ಟು ಬಂತು. ಕೇಳಿದ್ದರೆ ಕೊಡುತ್ತಿದ್ದವಳ ಕೈಯಿಂದಲೇ ಅವಳು ಕದ್ದಿದ್ದಳು. ಈಗ ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಮೇಜಿನ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡೆ. ತಣ್ಣಗಿತ್ತು.

"ಹೋಗ್ತೀನಿ ಅಕ್ಕ," ಎಂದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ನಾನೂ ಬಿಡಲಿಲ್ಲ. ಹಾಗೇ ಕೂತುಕೊಂಡು ಇಬ್ಬರೂ ಅತ್ತೆವು.